ಸಣ್ಣ ಉರಿಯ ಮಖಾನಾ

ಅಂಗಡಿಯಿಂದ ತಂದ ಮಖಾನಾ ಪೊಟ್ಟಣವನ್ನು ಕತ್ತರಿಸಿ, ಮೇಲಿನ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡವರಿಗೆ ಎಷ್ಟೋ ಸಲ ನಿರಾಸೆಯೇ ಗತಿ. ನೋಡುವುದಕ್ಕೆ ಬೆಳ್ಳಗೆ, ದುಂಡಗೆ, ಈಗಷ್ಟೇ ಅರಳಿದ ಹಾಗೆ ಇರುತ್ತದೆ. ಹಲ್ಲಿಗೆ ಸಿಕ್ಕರೆ ಮಾತ್ರ ಮುರಿಯುವುದಿಲ್ಲ, ಅಮುಕಿಕೊಳ್ಳುತ್ತದೆ. ಅಗಿದಷ್ಟೂ ನಾರುನಾರಾಗಿ ಹಲ್ಲಿನ ಸಂದಿಯಲ್ಲಿ ಅಂಟಿ ಕೂರುತ್ತದೆ. ಹುರಿದರೆ ಸರಿಹೋಗುತ್ತದೆಂದು ಯಾರೋ ಹೇಳಿರುತ್ತಾರೆ. ಬಾಣಲೆ ಇಟ್ಟು, ಉರಿ ದೊಡ್ಡದು ಮಾಡಿ, ನಾಲ್ಕು ನಿಮಿಷ ಕೈಯಾಡಿಸಿದರೆ ಅಲ್ಲಲ್ಲಿ ಕೆಂಪು ಕಲೆ ಬೀಳುತ್ತದೆ, ಸುಟ್ಟ ವಾಸನೆ ಏಳುತ್ತದೆ. ಆಯಿತೆಂದು ಇಳಿಸಿ ಬಾಯಿಗೆ ಹಾಕಿಕೊಂಡರೆ ಹೊರಗೆ ಕಹಿ, ಒಳಗೆ ಅದೇ ಹಳೆಯ ರಬ್ಬರು.

ಇಲ್ಲಿ ತಪ್ಪು ಮಖಾನಾದ್ದಲ್ಲ, ಹುರಿಯುವವರ ಕೈಯದ್ದೂ ಅಲ್ಲ. ಹುರಿಯುವುದು ಎಂದರೆ ಬೇಯಿಸುವುದು, ಬಣ್ಣ ಬರಿಸುವುದು ಎಂಬ ಅಭ್ಯಾಸದ್ದು. ಶೇಂಗಾ ಹುರಿಯುವಾಗ, ರವೆ ಹುರಿಯುವಾಗ, ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುವಾಗ ಆ ಲೆಕ್ಕ ಸರಿ. ಅವೆಲ್ಲ ಹಸಿ ಪದಾರ್ಥಗಳು. ಮಖಾನಾ ಹಸಿಯಲ್ಲ. ಅದು ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ಎರಡು ಸಲ ಬೆಂಕಿ ಕಂಡಿರುತ್ತದೆ. ಇನ್ನು ಅದರಲ್ಲಿ ಬೇಯುವುದು ಏನೂ ಉಳಿದಿಲ್ಲ. ದಾರಿಯಲ್ಲಿ ಹೀರಿಕೊಂಡ ತೇವವನ್ನು ಹೊರಗೆ ಕಳಿಸಬೇಕು, ಅಷ್ಟೇ ಕೆಲಸ. ಈ ಒಂದು ವಿಷಯ ಗೊತ್ತಿದ್ದರೆ ಉರಿ ಎಷ್ಟಿರಬೇಕು, ಕೈ ಹೇಗೆ ಆಡಬೇಕು, ಯಾವಾಗ ಇಳಿಸಬೇಕು ಎನ್ನುವುದೆಲ್ಲ ತಾನಾಗಿಯೇ ಹೊಳೆಯುತ್ತದೆ.

ಆ ಎರಡು ಬೆಂಕಿಯ ಕಥೆ ನಡೆಯುವುದು ಉತ್ತರ ಬಿಹಾರದ ಮಿಥಿಲೆಯಲ್ಲಿ ಮತ್ತು ಅದರ ಪೂರ್ವಕ್ಕಿರುವ ಜಿಲ್ಲೆಗಳಲ್ಲಿ. ದರ್ಭಂಗಾ, ಮಧುಬನಿ, ಸಹರ್ಸಾ, ಪೂರ್ಣಿಯಾ, ಕಟಿಹಾರ್ ಕಡೆಯ ಕೆರೆಗಳಲ್ಲಿ, ನೀರು ನಿಂತ ತಗ್ಗುಗಳಲ್ಲಿ ಈ ಗಿಡ ಬೆಳೆಯುತ್ತದೆ. ದೇಶದ ಮಖಾನಾದಲ್ಲಿ ಬಹುಪಾಲು ಅಲ್ಲಿಯದೇ. ನಮ್ಮಲ್ಲಿ ಇದನ್ನು ತಾವರೆ ಬೀಜವೆಂದು ಕರೆಯುವವರಿದ್ದಾರೆ. ಆದರೆ ಇದು ನೈದಿಲೆಯ ಕುಟುಂಬಕ್ಕೆ ಸೇರಿದ ಬೇರೆಯೇ ಗಿಡ. ಎಲೆ ಮೊರಕ್ಕಿಂತ ಅಗಲ, ಮೈತುಂಬ ಮುಳ್ಳು. ಕಾಯಿ ಒಡೆದಾಗ ಬೀಜಗಳು ಕೆಲಕಾಲ ತೇಲಿ, ಆಮೇಲೆ ಕೆರೆಯ ತಳದ ಕೆಸರಿಗೆ ಇಳಿಯುತ್ತವೆ. ಅವನ್ನು ಬಾಚಿ ತೆಗೆಯುವವರು ಹೆಚ್ಚಾಗಿ ಮಲ್ಲಾಹ ಸಮುದಾಯದವರು. ನೀರಿನಲ್ಲಿ ಮುಳುಗಿ, ಉಸಿರು ಕಟ್ಟಿ, ತಳದ ಕೆಸರನ್ನು ಒಂದೆಡೆಗೆ ಕೂಡಿಸಿ, ಬಿದಿರಿನ ಬುಟ್ಟಿಯಲ್ಲಿ ಮೇಲೆತ್ತಿ ತೊಳೆಯುತ್ತಾರೆ. ಕೈಗೆ ಸಿಗುವುದು ಕಪ್ಪು ಗೋಲಿಯಂಥ ಗಟ್ಟಿ ಬೀಜ. ಅಲ್ಲಿ ಅದಕ್ಕೆ ಗುರಿಯಾ ಎನ್ನುತ್ತಾರೆ.

ಗುರಿಯಾವನ್ನು ಬಿಸಿಲಿಗೆ ಹಾಕಿ, ಜರಡಿಯಿಂದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಮೊದಲ ಸಲ ಹುರಿಯುತ್ತಾರೆ. ಆಮೇಲೆ ಎರಡು ಮೂರು ದಿನ ಅದನ್ನು ಸುಮ್ಮನೆ ಬಿಡುತ್ತಾರೆ. ಆ ಬಿಡುವಿನಲ್ಲಿ ಬೀಜದೊಳಗಿನ ತೇವ ಸಮನಾಗಿ ಹರಡಿಕೊಳ್ಳುತ್ತದೆ, ತಿರುಳು ಸಿಪ್ಪೆಯಿಂದ ಸಡಿಲವಾಗುತ್ತದೆ. ಎರಡನೇ ಸಲ ಹುರಿಯುವುದು ಇನ್ನೂ ಜೋರಾದ ಬೆಂಕಿಯಲ್ಲಿ. ಬೀಜ ಕೆಂಡದಷ್ಟು ಬಿಸಿ ಇರುವಾಗಲೇ ಐದಾರನ್ನು ಮರದ ಹಲಗೆಯ ಮೇಲೆ ತೆಗೆದುಕೊಂಡು ಮರದ ಬಡಿಗೆಯಿಂದ ಪೆಟ್ಟು ಕೊಡುತ್ತಾರೆ. ಸಿಪ್ಪೆ ಒಡೆದ ಕ್ಷಣ ಒಳಗೆ ಒತ್ತಿಕೊಂಡಿದ್ದ ಆವಿ ಹೊರಗೆ ನುಗ್ಗುತ್ತದೆ, ತಿರುಳಿನ ಪಿಷ್ಟ ಉಬ್ಬಿ ಬಿಳಿ ಅರಳಾಗುತ್ತದೆ. ಅರೆಗಳಿಗೆ ತಡವಾದರೆ ಬೀಜ ತಣಿದು, ಅರಳದೆ ಗಟ್ಟಿಯಾಗಿಯೇ ಉಳಿಯುತ್ತದೆ. ಬಾಣಲೆಯ ಎದುರು ಕೂತು ಹುರಿಯುವವರು, ಪಕ್ಕದಲ್ಲಿ ಬಡಿಯುವವರು ಬೆರಳು ಸುಟ್ಟುಕೊಂಡೇ ಈ ಕೆಲಸ ಕಲಿತವರು. 2022ರಲ್ಲಿ ‘ಮಿಥಿಲಾ ಮಖಾನಾ’ ಎಂಬ ಹೆಸರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆ ಹೆಸರಿನ ಹಿಂದಿರುವ ಕೌಶಲ ಬಹಳ ಮಟ್ಟಿಗೆ ಈ ಒಂದು ಪೆಟ್ಟಿನದು.

ಹಾಗೆ ಅರಳಿದ ಹೊಸ ಮಖಾನಾಕ್ಕೆ ಮತ್ತೆ ಹುರಿಯುವ ಅಗತ್ಯವೇ ಇಲ್ಲ, ಹಾಗೆಯೇ ಗರಿಗರಿಯಾಗಿರುತ್ತದೆ. ಆಶ್ವಯುಜ ಮಾಸದ ಹುಣ್ಣಿಮೆಯ ದಿನ ಮಿಥಿಲೆಯಲ್ಲಿ ಕೋಜಾಗರಾ ಹಬ್ಬ. ಹೊಸದಾಗಿ ಮದುವೆಯಾದ ಹುಡುಗನ ಮನೆಗೆ ಹೆಣ್ಣಿನ ಮನೆಯಿಂದ ಮಖಾನಾ, ವೀಳ್ಯದೆಲೆ, ಸಿಹಿ ಬರುತ್ತದೆ. ಬಂದದ್ದನ್ನು ಊರವರಿಗೆ ಹಂಚುತ್ತಾರೆ. ಹೊಸ ಬೆಳೆ ಕೈಗೆ ಬರುವ ಕಾಲವೂ ಹೆಚ್ಚುಕಡಿಮೆ ಅದೇ.

ಆ ಮಖಾನಾ ಕರ್ನಾಟಕದ ಅಂಗಡಿ ಮುಟ್ಟುವುದು ಚೀಲ, ಗೋದಾಮು, ಲಾರಿ, ಮತ್ತೆ ಗೋದಾಮು ಎಂದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಳೆದ ಮೇಲೆ. ಮಖಾನಾದ ಒಳಭಾಗವೆಂದರೆ ಸಾವಿರಾರು ಸಣ್ಣ ಗಾಳಿಗೂಡುಗಳು, ಅವುಗಳ ನಡುವೆ ಕಾಗದಕ್ಕಿಂತ ತೆಳುವಾದ ಪಿಷ್ಟದ ಗೋಡೆಗಳು. ಗೋಡೆ ಒಣಗಿದ್ದಾಗ ಒತ್ತಿದರೆ ಪಟ್ಟನೆ ಒಡೆಯುತ್ತದೆ. ಆ ಒಡೆಯುವ ಸದ್ದನ್ನೇ ನಾವು ಗರಿಗರಿ ಎನ್ನುವುದು. ಗಾಳಿಯ ತೇವ ಸ್ವಲ್ಪ ಸೇರಿಕೊಂಡರೆ ಅದೇ ಗೋಡೆ ಮೆತ್ತಗಾಗಿ, ಒಡೆಯುವ ಬದಲು ಬಾಗುತ್ತದೆ. ಬಾಗುವುದಕ್ಕೆ ಸದ್ದಿಲ್ಲ. ಮಳೆಗಾಲದಲ್ಲಿ ಮಂಡಕ್ಕಿ ಡಬ್ಬಿಯ ಮುಚ್ಚಳ ಮರೆತರೆ ಆಗುವುದೂ ಇದೇ. ಮಂಡಕ್ಕಿಯ ಕಾಳು ಚಿಕ್ಕದು, ಆದ್ದರಿಂದ ಎರಡು ನಿಮಿಷ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ ಆಗುತ್ತದೆ. ಮಖಾನಾ ಗಾತ್ರದಲ್ಲಿ ದೊಡ್ಡದು, ತೇವ ನಡುಮಧ್ಯದವರೆಗೂ ಇಳಿದಿರುತ್ತದೆ, ಹೊತ್ತು ಹೆಚ್ಚು ಬೇಕು.

ಸಣ್ಣ ಉರಿ ಏಕೆ ಎಂಬುದಕ್ಕೆ ಉತ್ತರ ಆ ಗಾಳಿಗೂಡುಗಳಲ್ಲೇ ಇದೆ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಬಾಣಲೆಯ ಬಿಸಿ ಮಖಾನಾದ ಹೊರಮೈಗೆ ಕ್ಷಣದಲ್ಲಿ ತಾಗಿದರೂ ನಡುವಿಗೆ ತಲುಪಲು ನಿಮಿಷಗಳೇ ಬೇಕು. ಒಳಗಿನ ನೀರು ಆವಿಯಾಗಿ ಹೋಗಲು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬಿಸಿ ಸಾಕು. ಪಿಷ್ಟ ಕೆಂಪಗಾಗತೊಡಗುವುದು ಅದಕ್ಕಿಂತ ಸಾಕಷ್ಟು ಮೇಲೆ, 140–150 ಡಿಗ್ರಿ ದಾಟಿದಾಗ. ಹುರಿಯುವವರಿಗೆ ಆಡಲು ಇರುವ ಜಾಗ ಈ ಎರಡರ ನಡುವಿನದು. ಉರಿ ದೊಡ್ಡದಾದರೆ ಹೊರಮೈ ಮೇಲಿನ ಗೆರೆಯನ್ನು ದಾಟಿ ಕರಕಲಾಗುತ್ತದೆ, ನಡುವು ಇನ್ನೂ ಬೆಚ್ಚಗೂ ಆಗಿರುವುದಿಲ್ಲ. ಸಣ್ಣ ಉರಿಯಲ್ಲಿ ಹೊರಮೈ ಕಾಯುತ್ತ ನಿಲ್ಲುತ್ತದೆ, ಒಳಗಿನದು ಬಂದು ಅದನ್ನು ಕೂಡಿಕೊಳ್ಳುತ್ತದೆ.

ಇನ್ನು ಕೈಯಾಡಿಸುವ ಮಾತು. ಮಖಾನಾ ದುಂಡಗಿರುವುದರಿಂದ ಬಾಣಲೆಯನ್ನು ಮುಟ್ಟುವುದು ಒಂದೇ ಒಂದು ಚುಕ್ಕೆಯಷ್ಟು ಜಾಗದಲ್ಲಿ. ಅಲುಗಾಡಿಸದೆ ಬಿಟ್ಟರೆ ಆ ಚುಕ್ಕೆ ಸುಡುತ್ತದೆ, ಮಿಕ್ಕ ಮೈ ತಣ್ಣಗೇ ಇರುತ್ತದೆ. ಹೊರಳಿಸಿದಷ್ಟೂ ಚುಕ್ಕೆ ಬದಲಾಗುತ್ತ ಹೋಗುತ್ತದೆ. ಬಾಣಲೆಯ ಕುಳಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಸಟ್ಟುಗವನ್ನು ತಳದಿಂದ ಎಬ್ಬಿಸಿ ಬದಿಗೆ ಏರಿಸಿದರೆ ಕೆಳಗಿನವು ಮೇಲೆ ಹೋಗುತ್ತವೆ, ಮೇಲಿನವು ತಾವಾಗಿಯೇ ಉರುಳಿ ತಳಕ್ಕೆ ಇಳಿಯುತ್ತವೆ. ಚಪ್ಪಟೆ ತವೆಯಲ್ಲಿ ಈ ಅನುಕೂಲವಿಲ್ಲ. ಸುಮ್ಮನೆ ವೃತ್ತಾಕಾರವಾಗಿ ಗರಗರ ತಿರುಗಿಸುವವರೂ ಇದ್ದಾರೆ. ಅದರಿಂದ ಮೇಲಿನವು ಮೇಲೇ ಸುತ್ತುತ್ತವೆ, ಕೆಳಗಿನವು ಕೆಳಗೇ ಸುತ್ತುತ್ತವೆ, ಕೈಗೆ ಮಾತ್ರ ಆಯಾಸ.

ಈಗ ಒಂದು ಮನೆಯ ಅಡುಗೆಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರು, ಜುಲೈ ತಿಂಗಳು, ಮೂರು ದಿನದಿಂದ ಜಿಟಿಜಿಟಿ ಮಳೆ. ತಂದಿರುವುದು 100 ಗ್ರಾಂ ಪೊಟ್ಟಣ. ಇರುವುದು ಹತ್ತು ಅಂಗುಲ ಅಗಲದ, ದಪ್ಪ ತಳದ ಕಬ್ಬಿಣದ ಬಾಣಲೆ. ತೂಕದಲ್ಲಿ 100 ಗ್ರಾಂ ಅಲ್ಪವೆನಿಸಿದರೂ ಮಖಾನಾದಲ್ಲಿ ಅದು ದೊಡ್ಡ ಪಾತ್ರೆ ತುಂಬುವಷ್ಟು. ಸೊಸೆ ಎಲ್ಲವನ್ನೂ ಒಟ್ಟಿಗೆ ಸುರಿಯಲು ಹೋದರೆ ಅತ್ತೆ ತಡೆಯುತ್ತಾರೆ. “ಅರ್ಧ ಹಾಕಮ್ಮ, ಕೈಯಾಡ್ಸೋಕೆ ಜಾಗ ಬೇಡ್ವಾ?” ಆ ಮಾತು ಸರಿ. ಬಾಣಲೆಯಲ್ಲಿ ಎರಡು ಪದರಕ್ಕಿಂತ ಹೆಚ್ಚಾದರೆ ಕೆಳಗಿನವು ಬಿಡುವ ಆವಿಯನ್ನು ಮೇಲಿನವು ಹೀರಿಕೊಳ್ಳುತ್ತವೆ. ಆದ್ದರಿಂದ 50 ಗ್ರಾಂನಂತೆ ಎರಡು ಸಲ.

ಹುರಿಯುವ ಮುಂಚೆ ಒಂದು ಸಣ್ಣ ಕೆಲಸವಿದೆ, ಹೆಚ್ಚಿನವರು ಬಿಟ್ಟುಬಿಡುವಂಥದ್ದು. ಪೊಟ್ಟಣವನ್ನು ಮೊರಕ್ಕೋ ಅಗಲವಾದ ತಟ್ಟೆಗೋ ಸುರಿದು ನೋಡುವುದು. ತಳದಲ್ಲಿ ಪುಡಿ, ಒಡೆದ ಚೂರು, ಅರ್ಧಂಬರ್ಧ ಅರಳಿದ ಗಟ್ಟಿ ಕಾಳು ಇರುತ್ತವೆ. ಪುಡಿ ಮತ್ತು ಚೂರು ಬಾಣಲೆಯ ತಳಕ್ಕೆ ಇಳಿದು ಎರಡೇ ನಿಮಿಷದಲ್ಲಿ ಕಪ್ಪಾಗಿ, ಮಿಕ್ಕೆಲ್ಲದಕ್ಕೂ ಸುಟ್ಟ ವಾಸನೆ ಹಚ್ಚುತ್ತವೆ. ಗಟ್ಟಿ ಕಾಳನ್ನು ಎಷ್ಟು ಹುರಿದರೂ ಗರಿಗರಿ ಆಗದು, ಅರಳದೆ ಉಳಿದ ಅದರಲ್ಲಿ ಗಾಳಿಗೂಡೇ ಇಲ್ಲ. ತೆಗೆದಿಡದಿದ್ದರೆ ಹಲ್ಲಿಗೆ ಪೆಟ್ಟು. ಅನುಮಾನವಿದ್ದರೆ ನಾಲ್ಕೈದನ್ನು ಎರಡಾಗಿ ಮುರಿದು ಒಳಗೆ ಹುಳುವಿದೆಯೇ ಎಂದೂ ನೋಡಿಕೊಳ್ಳಬಹುದು. ಹೊರಮೈಯಲ್ಲಿ ಕಾಣುವ ಕಂದು ಕಪ್ಪು ಚುಕ್ಕೆಗಳಿಗೆ ಹೆದರಬೇಕಿಲ್ಲ, ಅವು ಅಂಟಿಕೊಂಡು ಉಳಿದ ಬೀಜದ ಸಿಪ್ಪೆಯ ತುಣುಕುಗಳು.

ಗಾತ್ರದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಬಿಹಾರದ ಸಗಟು ಮಾರುಕಟ್ಟೆಯಲ್ಲಿ ಮಖಾನಾವನ್ನು ಸೂತದ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಸೂತ ಎಂದರೆ ಅಂಗುಲದ ಎಂಟನೇ ಒಂದು ಭಾಗ, ಸುಮಾರು 3 ಮಿಲಿಮೀಟರ್. ನಾಲ್ಕು ಸೂತದ್ದು ಸಣ್ಣದು, ಆರು ಸೂತದ್ದು ದಪ್ಪ, ಬೆಲೆಯೂ ಹೆಚ್ಚು. ಹುರಿಯುವವರಿಗೆ ಇದರ ಅರ್ಥ ಇಷ್ಟೇ: ದಪ್ಪದ್ದು ಒಣಗಲು ಹೆಚ್ಚು ಹೊತ್ತು ಬೇಕು. ಹಳೆಯ ಪೊಟ್ಟಣದ ಸಣ್ಣದನ್ನೂ ಹೊಸ ಪೊಟ್ಟಣದ ದಪ್ಪದ್ದನ್ನೂ ಒಂದೇ ಬಾಣಲೆಗೆ ಹಾಕಿದರೆ ಒಂದು ಆಗುವಾಗ ಇನ್ನೊಂದು ಆಗಿರುವುದಿಲ್ಲ.

ಬಾಣಲೆಯನ್ನು ಮೊದಲು ಒಂದೆರಡು ನಿಮಿಷ ಸಣ್ಣ ಉರಿಯಲ್ಲೇ ಕಾಯಿಸಬೇಕು. ಅಂಗೈಯನ್ನು ಗೇಣುದ್ದ ಮೇಲೆ ಹಿಡಿದರೆ ಬಿಸಿ ತಿಳಿಯಬೇಕು, ಹೊಗೆ ಮಾತ್ರ ಏಳಬಾರದು. ಎಣ್ಣೆ, ತುಪ್ಪ ಏನೂ ಬೇಡ. 50 ಗ್ರಾಂ ಮಖಾನಾ ಬಿದ್ದಾಗ ಬಾಣಲೆಯಲ್ಲಿ ಸದ್ದೇ ಇರುವುದಿಲ್ಲ. ಸಟ್ಟುಗಕ್ಕೆ ತಗುಲಿದರೆ ಹತ್ತಿಯನ್ನು ತಳ್ಳಿದ ಹಾಗೆ, ಒಂದಕ್ಕೊಂದು ತಾಗಿದರೂ ಮಾತಿಲ್ಲ. ಮೊದಲ ಮೂರು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಉರಿ ಏರಿಸುವ ಆಸೆ ಹುಟ್ಟುವುದು ಈ ಹೊತ್ತಿನಲ್ಲೇ. ಏರಿಸಬಾರದು. ಕೈಗೆ ಬಿಡುವು ಬೇಕಾದರೆ ಇಲ್ಲಿ ಹತ್ತು ಹದಿನೈದು ಸೆಕೆಂಡು ನಿಲ್ಲಿಸಬಹುದು. ಕೊನೆಯ ನಿಮಿಷಗಳಲ್ಲಿ ಆ ಸ್ವಾತಂತ್ರ್ಯ ಇರುವುದಿಲ್ಲ.

ಐದನೇ ನಿಮಿಷದ ಹೊತ್ತಿಗೆ ಸದ್ದು ಬದಲಾಗತೊಡಗುತ್ತದೆ. ಸಟ್ಟುಗ ಆಡಿದಾಗ ಒಣ ಎಲೆಯ ಮೇಲೆ ನಡೆದಂಥ ಸರಸರ. ಹಿತವಾದ, ತೆಳುವಾದ ಹುರಿದ ಪರಿಮಳ ಬರುತ್ತದೆ. ಬಣ್ಣ ಹಾಲುಬಿಳಿಯಿಂದ ಸ್ವಲ್ಪವೇ ಕೆನೆಯ ಕಡೆಗೆ ವಾಲುತ್ತದೆ, ಕೆಲವಕ್ಕೆ ಅದೂ ಇಲ್ಲ. “ವಾಸನೆ ಬಂತಲ್ಲಮ್ಮ, ಇಳಿಸಿಬಿಡು” ಎನ್ನುತ್ತಾರೆ ಅತ್ತೆ. ಸೊಸೆ ಒಂದು ಕಾಳನ್ನು ತೆಗೆದು ತಟ್ಟೆಯ ಮೇಲಿಡುತ್ತಾಳೆ. “ಒಂದ್ನಿಮಿಷ ಇರಿ ಅತ್ತೆ, ಇದು ಆರಲಿ, ಒತ್ತಿ ನೋಡೋಣ.”

ಆ ಒಂದು ಕಾಳಿನಲ್ಲಿ ಎಲ್ಲ ಪರೀಕ್ಷೆಯೂ ಇದೆ. ಬಾಣಲೆಯ ನಡುವಿನಿಂದ, ಗುಂಪಿನಲ್ಲೇ ದಪ್ಪಗಿರುವ ಒಂದನ್ನು ಆರಿಸಿಕೊಳ್ಳಬೇಕು, ದಪ್ಪದ್ದು ಆದರೆ ಸಣ್ಣವೂ ಆದಂತೆಯೇ. ಅದನ್ನು ಒಣ ತಟ್ಟೆಯ ಮೇಲೆ ಅರ್ಧದಿಂದ ಒಂದು ನಿಮಿಷ ಆರಲು ಬಿಡಬೇಕು. ಆರುವುದು ಏಕೆಂದರೆ, ಬಿಸಿಯಾಗಿರುವಾಗ ಪಿಷ್ಟದ ಗೋಡೆ ಇನ್ನೂ ತುಸು ಬಾಗುತ್ತದೆ. ಚೆನ್ನಾಗಿ ಆದ ಮಖಾನಾ ಕೂಡ ಬಾಣಲೆಯಿಂದ ನೇರ ಬಾಯಿಗೆ ಹೋದರೆ ಮೆತ್ತಗೆ ಅನ್ನಿಸಬಹುದು. ಬೆಚ್ಚಗಿನ ಕಾಳನ್ನು ಒತ್ತಿ ನೋಡಿ ‘ಆಗಿಲ್ಲ’ ಎಂದುಕೊಂಡು, ಮತ್ತೆ ಹುರಿದು ಕರಕಲು ಮಾಡಿದ ಬಾಣಲೆಗಳಿಗೆ ಲೆಕ್ಕವಿಲ್ಲ.

ಆರಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒಂದೇ ಸಲ ಒತ್ತಬೇಕು. ಐದನೇ ನಿಮಿಷದ ಕಾಳು ಕುಗ್ಗಿ, ಬೆರಳು ತೆಗೆದ ಮೇಲೆ ನಿಧಾನವಾಗಿ ಮತ್ತೆ ಉಬ್ಬುತ್ತದೆ. ಅದು ಹಸಿ ಅಂದರೆ ಹಸಿ. ಎಂಟನೇ ನಿಮಿಷದ ಕಾಳು ಮೋಸಗಾರ. ಒತ್ತಿದರೆ ಹೊರಮೈ ಚಟ್ಟೆಂದು ಬಿರಿಯುತ್ತದೆ, ಕೇಳಿದವರು ಆಯಿತೆಂದೇ ತಿಳಿಯುತ್ತಾರೆ. ಆದರೆ ಎರಡು ಹೋಳುಗಳನ್ನು ಎಳೆದು ನೋಡಿದರೆ ನಡುವಿನಲ್ಲಿ ತೆಳುವಾದ ಎಳೆಯೊಂದು ಬಿಡದೆ ಹಿಡಿದುಕೊಂಡಿರುತ್ತದೆ. ಹೊರಗಿನ ಗೋಡೆ ಒಣಗಿದೆ, ತಿರುಳಿನಲ್ಲಿ ತೇವ ಉಳಿದಿದೆ ಎಂದೇ ಅರ್ಥ. ಈ ಹಂತದಲ್ಲಿ ಇಳಿಸಿದರೆ ನಡುವಿನ ತೇವ ಮೆಲ್ಲಗೆ ಹೊರಗೆ ಹರಡಿ, ಸಂಜೆಯ ಹೊತ್ತಿಗೆ ಇಡೀ ಕಾಳು ಮತ್ತೆ ಮೆತ್ತಗಾಗುತ್ತದೆ. ‘ಬೆಳಿಗ್ಗೆ ಚೆನ್ನಾಗಿತ್ತು, ಸಂಜೆಗೆ ಹಾಳಾಯಿತು’ ಎನ್ನುವ ದೂರಿಗೆ ಎಷ್ಟೋ ಸಲ ಕಾರಣ ಡಬ್ಬಿಯಲ್ಲ, ಈ ಎಂಟನೇ ನಿಮಿಷ.

ಹತ್ತರಿಂದ ಹನ್ನೆರಡನೇ ನಿಮಿಷದ ನಡುವೆ ತೆಗೆದ ಕಾಳು ಬೇರೆಯೇ ರೀತಿ ನಡೆದುಕೊಳ್ಳುತ್ತದೆ. ಒತ್ತಿದ ತಕ್ಷಣ ಕರುಮ್ಮೆಂದು ಪುಡಿಪುಡಿಯಾಗಿ ಬೆರಳ ಸಂದಿಯಿಂದ ಉದುರುತ್ತದೆ. ಎಳೆ ಇಲ್ಲ, ಮತ್ತೆ ಉಬ್ಬುವುದಿಲ್ಲ, ನಡುವಿನ ಚೂರನ್ನು ಉಜ್ಜಿದರೆ ರವೆಯ ಹಾಗೆ ತರಿತರಿ. ಬಾಣಲೆಯಲ್ಲೂ ಸದ್ದು ಗಲಗಲ ಎನ್ನುತ್ತಿರುತ್ತದೆ. ಒಂದನ್ನೇ ನಂಬದೆ ಬೇರೆ ಬೇರೆ ಜಾಗದಿಂದ ಮೂರನ್ನು ತೆಗೆದು ನೋಡುವುದು ಕ್ಷೇಮ. ಮೂರೂ ಪುಡಿಯಾದರೆ ಒಲೆ ಆರಿಸಬಹುದು. ಕರಾವಳಿಯ ಮಳೆಗಾಲದಲ್ಲಿ, ಮಂಗಳೂರು ಉಡುಪಿಯ ಗಾಳಿಯಲ್ಲಿ ಕೂತ ಪೊಟ್ಟಣಕ್ಕೆ ಇದೇ ಅಳತೆಗೆ ಇನ್ನೂ ಮೂರ್ನಾಲ್ಕು ನಿಮಿಷ ಹಿಡಿಯಬಹುದು. ಕಲಬುರಗಿಯ ಏಪ್ರಿಲ್‌ನಲ್ಲಿ ಏಳೆಂಟು ನಿಮಿಷಕ್ಕೇ ಮುಗಿಯಬಹುದು. ಹಾಗಾಗಿ ಗಡಿಯಾರ ಅಂದಾಜಿಗೆ ಮಾತ್ರ, ತೀರ್ಪು ಬೆರಳಿನದು.

ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇರುವವರು ಇದನ್ನು ತೂಕದಲ್ಲೂ ನೋಡಬಹುದು. ಮೆತ್ತಗಾದ ಮಖಾನಾದಲ್ಲಿ ನೂರಕ್ಕೆ ಹನ್ನೆರಡು ಪಾಲು ನೀರಿದೆ ಎಂದು ಇಟ್ಟುಕೊಂಡರೆ, 50 ಗ್ರಾಂನಲ್ಲಿ 6 ಗ್ರಾಂ ನೀರು, 44 ಗ್ರಾಂ ಒಣ ಪದಾರ್ಥ. ನೀರು ನೂರಕ್ಕೆ ನಾಲ್ಕು ಪಾಲಿಗೆ ಇಳಿದರೆ ಒಟ್ಟು ತೂಕ 46 ಗ್ರಾಂನ ಹತ್ತಿರ ನಿಲ್ಲಬೇಕು. ಅಂದರೆ ಇಡೀ ಹನ್ನೆರಡು ನಿಮಿಷದ ಕೈಯಾಟದಿಂದ ಹೊರಗೆ ಹೋದದ್ದು ಒಂದು ಟೀ ಚಮಚಕ್ಕಿಂತಲೂ ಕಡಿಮೆ ನೀರು. ಅಷ್ಟು ನೀರಿಗೆ ದೊಡ್ಡ ಉರಿಯ ಅಬ್ಬರ ಏತಕ್ಕೆ?

ಬಣ್ಣವನ್ನು ನೋಡಿ ನಿರ್ಧರಿಸುವವರಿಗೆ ಮಖಾನಾ ಸರಿಯಾದ ಸಾಕ್ಷಿ ಹೇಳುವುದಿಲ್ಲ. ಸಿಪ್ಪೆಯ ಚುಕ್ಕೆಗಳು ಮೊದಲೇ ಕಂದು ಇರುತ್ತವೆ, ಬಿಳಿ ಭಾಗ ಸಣ್ಣ ಉರಿಯಲ್ಲಿ ಕೊನೆಯವರೆಗೂ ಬಹುತೇಕ ಬಿಳಿಯಾಗಿಯೇ ಉಳಿಯುತ್ತದೆ. ಚೆನ್ನಾಗಿ ಕೆಂಪಾದ ಮಖಾನಾ ತಿನ್ನಲು ಕೆಟ್ಟದ್ದೇನಲ್ಲ, ಕೆಲವರಿಗೆ ಆ ರುಚಿಯೇ ಇಷ್ಟ. ಆದರೆ ಕೆಂಪಾಗಿದೆ ಎಂದ ಮಾತ್ರಕ್ಕೆ ಗರಿಗರಿಯಾಗಿದೆ ಎನ್ನಲು ಬರುವುದಿಲ್ಲ.

ಒಲೆ ಆರಿದ ಮೇಲೂ ಕಬ್ಬಿಣದ ಬಾಣಲೆ ಕೆಲಸ ನಿಲ್ಲಿಸುವುದಿಲ್ಲ. ದಪ್ಪ ತಳ ಹಿಡಿದಿಟ್ಟ ಶಾಖ ಇನ್ನೂ ಕೆಲ ನಿಮಿಷ ಹಾಗೇ ಇರುತ್ತದೆ. ಒಂದೆರಡು ನಿಮಿಷ ಕೈಯಾಡಿಸುತ್ತ ಆ ಬಿಸಿಯನ್ನೂ ಬಳಸಿಕೊಳ್ಳಬಹುದು. ಬಿಟ್ಟು ಆಚೆ ಹೋದರೆ ಮಾತ್ರ ತಳದವು ಸುಟ್ಟಿರುತ್ತವೆ. ತೆಳು ಸ್ಟೀಲಿನ ಬಾಣಲೆಯಾದರೆ ಉರಿ ತಗಲುವ ನಡುವಿನ ವೃತ್ತ ಮಾತ್ರ ಕಾದು ಅಂಚು ತಣ್ಣಗಿರುತ್ತದೆ. ಅಂಥವರು ಒಲೆಯ ಮೇಲೆ ಹಳೆಯ ದೋಸೆ ಕಾವಲಿ ಇಟ್ಟು, ಅದರ ಮೇಲೆ ಬಾಣಲೆ ಇಡುವ ಉಪಾಯವನ್ನು ಮಾಡಿದರೆ ಶಾಖ ಹರಡಿಕೊಳ್ಳುತ್ತದೆ. ಎರಡನೇ 50 ಗ್ರಾಂ ಹಾಕುವಾಗ ಬಾಣಲೆ ಮೊದಲೇ ಕಾದಿರುತ್ತದೆ, ಹಾಗಾಗಿ ಒಂದೆರಡು ನಿಮಿಷ ಬೇಗ ಆಗುತ್ತದೆ. ಆ ಸರದಿಯಲ್ಲಿ ಪರೀಕ್ಷೆಯನ್ನೂ ಬೇಗ ಶುರುಮಾಡಬೇಕು.

ಇಳಿಸಿದ್ದನ್ನು ಅಗಲವಾದ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಪೂರ್ತಿ ಆರಿಸಬೇಕು, ಹತ್ತು ಹದಿನೈದು ನಿಮಿಷ. ಬಿಸಿಯಾಗಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಉಳಿದ ಆವಿ ಮುಚ್ಚಳದ ಒಳಗೆ ಹನಿಯಾಗಿ, ಹೊರಗೆ ಕಳಿಸಿದ ನೀರೇ ಒಳಗೆ ಬಂದಂತಾಗುತ್ತದೆ. ಹಾಗೆಂದು ಮಳೆಯ ದಿನ ತಟ್ಟೆಯಲ್ಲೇ ಗಂಟೆಗಟ್ಟಲೆ ಬಿಟ್ಟರೆ ಗಾಳಿಯೇ ಅದನ್ನು ಮೆತ್ತಗೆ ಮಾಡುತ್ತದೆ. ಆರಿದ ಕೂಡಲೇ ಬಿಗಿ ಮುಚ್ಚಳದ ಒಣ ಡಬ್ಬಿ, ಒಂದು ದೊಡ್ಡದರ ಬದಲು ಎರಡು ಸಣ್ಣದಾದರೆ ಇನ್ನೂ ಲೇಸು. ದಿನವೂ ತೆರೆಯುವುದು ಒಂದನ್ನೇ ಆಗುತ್ತದೆ.

ಉಪ್ಪು ಖಾರದ ಪ್ರಶ್ನೆ ಇಲ್ಲಿ ಏಳುತ್ತದೆ. ಹುರಿಯುವಾಗಲೇ ಉಪ್ಪು ಹಾಕಿದರೆ ಅಂಟುವುದಿಲ್ಲ, ಒಣ ಮೈಗೆ ಹಿಡಿಯುವ ಗುಣವಿಲ್ಲ. ತಳಕ್ಕೆ ಉದುರಿ ಕೂರುತ್ತದೆ. ಅರಿಶಿನ, ಮೆಣಸಿನ ಪುಡಿ ಬಿದ್ದರೆ ಬಾಣಲೆಯ ತಳದಲ್ಲಿ ಕರಕಲಾಗಿ ಕೆಮ್ಮು ಬರಿಸುತ್ತವೆ. ಮೊದಲೇ ತುಪ್ಪ ಹಾಕಿ ಹುರಿಯುವ ಪದ್ಧತಿಯೂ ಇದೆ, ರುಚಿಗೆ ಅದು ಚೆನ್ನ. ಆದರೆ ತುಪ್ಪದ ಬೆರಳಿನಲ್ಲಿ ಒತ್ತಿ ನೋಡುವುದು ಕಷ್ಟ, ತುಪ್ಪದ ಘಮ ಹುರಿದ ಪರಿಮಳವನ್ನೂ ಮುಚ್ಚಿಹಾಕುತ್ತದೆ. ಅದಕ್ಕಿಂತ ಒಣದಾಗಿ ಹುರಿದು ಆರಿಸಿ, ತಿನ್ನುವ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ತೆಗೆದು, 50 ಗ್ರಾಂಗೆ ಒಂದು ಟೀ ಚಮಚ ತುಪ್ಪ ಬೆಚ್ಚಗೆ ಮಾಡಿ ಉಪ್ಪು, ಕಾಳುಮೆಣಸಿನ ಪುಡಿ ಬೆರೆಸಿ ಹೊರಳಿಸುವುದು ಜಾಣತನ. ಇದಕ್ಕೆ ರುಚಿಯ ಆಚೆಗೂ ಒಂದು ಕಾರಣವಿದೆ. ಮಖಾನಾದಲ್ಲಿ ಸ್ವಂತ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಒಣದಾಗಿ ಹುರಿದದ್ದು ಶೇಂಗಾ ಕೊಬ್ಬರಿಗಳ ಹಾಗೆ ಕಮಟು ಹಿಡಿಯುವುದಿಲ್ಲ. ತುಪ್ಪ ಸವರಿ ಡಬ್ಬಿಗೆ ತುಂಬಿದರೆ ಕೆಲ ವಾರಗಳಲ್ಲಿ ತುಪ್ಪ ಕಮಟಾಗುತ್ತದೆ, ಮಖಾನಾವೂ ಅದರ ಜೊತೆಗೆ ಹೋಗುತ್ತದೆ.

ಪಾಯಸಕ್ಕೆ, ಗೊಜ್ಜಿಗೆ ಮಖಾನಾವನ್ನು ಪುಡಿ ಮಾಡುವವರಿಗೂ ಬೆರಳಿನ ಪರೀಕ್ಷೆಯೇ ಆಧಾರ. ಪುಡಿಯಾಗಿ ಉದುರುವ ಮಖಾನಾ ಮಿಕ್ಸಿಯಲ್ಲಿ ಎರಡೇ ಸುತ್ತಿಗೆ ನುಣುಪು ಹಿಟ್ಟಾಗುತ್ತದೆ. ಎಳೆ ಉಳಿದದ್ದು ಬ್ಲೇಡಿಗೆ ಸಿಕ್ಕದೆ ಹಾರಾಡಿ, ಕೊನೆಗೆ ಚಕ್ಕೆ ಚಕ್ಕೆಯಾಗಿ ನಿಲ್ಲುತ್ತದೆ. ಆ ಚಕ್ಕೆ ಹಾಲಿನಲ್ಲಿ ಎಷ್ಟು ಕುದಿಸಿದರೂ ಅಗಿಯುವುದಕ್ಕೆ ಸಿಗುತ್ತಲೇ ಇರುತ್ತದೆ.

ಹದಿನೈದು ದಿನ ಕಳೆದು ಡಬ್ಬಿಯಲ್ಲಿದ್ದದ್ದು ಮತ್ತೆ ಮೆತ್ತಗಾದರೆ ಚಿಂತೆಯಿಲ್ಲ, ಅದೇ ಬಾಣಲೆ, ಅದೇ ಸಣ್ಣ ಉರಿ. ಈ ಸಲ ಸೇರಿಕೊಂಡ ತೇವ ಕಡಿಮೆ ಇರುವುದರಿಂದ ನಾಲ್ಕೈದು ನಿಮಿಷಕ್ಕೆ ಕೆಲಸ ಮುಗಿಯುತ್ತದೆ, ಕಾಳು ಒತ್ತಿ ನೋಡುವುದನ್ನು ಮೂರನೇ ನಿಮಿಷಕ್ಕೇ ಶುರುಮಾಡಬಹುದು. ಮುಗ್ಗಲು ವಾಸನೆ ಬಂದದ್ದನ್ನು, ಒಳಗೆ ಬೂದು ಬಣ್ಣದ ಬೂಷ್ಟು ಕಂಡದ್ದನ್ನು, ಹುಳು ಕೊರೆದು ಪುಡಿ ಉದುರುವುದನ್ನು ಮಾತ್ರ ಯಾವ ಉರಿಯೂ ಸರಿ ಮಾಡದು, ಅದನ್ನು ಚೆಲ್ಲಬೇಕು.